ಏಳು ಸಲ ಬಂದ ಹದಿನೈದು ಸಾವಿರ

ಮಂಡ್ಯದಲ್ಲಿ ಮನೆ ಕಟ್ಟಲು ನಾನೂ ನನ್ನ ಹೆಂಡತಿಯೂ ಜಂಟಿಯಾಗಿ ಸಾಲಕ್ಕೆ ಅರ್ಜಿ ಹಾಕುವುದೆಂದು ನಿರ್ಧರಿಸಿದ್ದೆವು. ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ಸಂಬಳ ಕೈಗೆ 42,000 ರೂಪಾಯಿ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಒಂದು ಭಾನುವಾರ ಇಬ್ಬರ ಆರು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆವು.

ಮೊದಲು ಸುಮ್ನೆ ಕೂಡಿದೆ. ನನ್ನ ಸಂಬಳ 2,52,000, ಅವಳ ಖಾತೆಗೆ ಜಮಾ ಆಗಿದ್ದು 3,16,000. ತಿಂಗಳಿಗೆ 94 ಸಾವಿರಕ್ಕಿಂತ ಜಾಸ್ತಿ! ಖುಷಿಯಾಯಿತು. ಅವಳು ಮಾತ್ರ, "ರೀ, ನೀವು ತಿಂಗಳಾ ತಿಂಗಳಾ ಕಳಿಸೋ ಹದಿನೈದು ಸಾವಿರ ನನ್ನ ದುಡಿಮೆ ಹೇಗಾಗುತ್ತೆ?" ಎಂದಳು. ನಿಜ. ಒಂದೇ ದುಡ್ಡು ನನ್ನ ಸಂಬಳದಲ್ಲೂ ಅವಳ ಜಮಾದಲ್ಲೂ ಕೂತಿತ್ತು.

ಅವಳ ಸ್ಟೇಟ್‌ಮೆಂಟಿನಲ್ಲಿ ಹದಿನೈದು ಸಾವಿರದ ಜಮಾ ಹುಡುಕಿದರೆ ಆರಲ್ಲ, ಏಳು ಸಿಕ್ಕವು. ಮೊತ್ತ ನೋಡಿ ಏಳನ್ನೂ ಹೊಡೆದುಹಾಕಿದ್ದರೆ ಅವಳ ನಿಜವಾದ ಆದಾಯವೇ ಕಡಿಮೆಯಾಗುತ್ತಿತ್ತು. ಯುಪಿಐ ಪಾವತಿಗೆ 12 ಅಂಕಿಗಳ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ನನ್ನ ಖರ್ಚಿನ ಸಾಲಿನಲ್ಲೂ ಅವಳ ಜಮಾ ಸಾಲಿನಲ್ಲೂ ಅದೇ ಸಂಖ್ಯೆ. ಹಾಗೆ ಜೋಡಿಸಿದಾಗ ಐದು ಸಿಕ್ಕವು. ಉಳಿದ ಎರಡರಲ್ಲಿ ಒಂದು ಮದುವೆ ಮನೆಯವರು ಬ್ಲೌಸುಗಳಿಗೆ ಕೊಟ್ಟದ್ದು. ಇನ್ನೊಂದರಲ್ಲಿ ನನ್ನ ಹೆಸರೇ ಇತ್ತು! ಆ ತಿಂಗಳು ನನ್ನ ಹಳೆಯ ಖಾತೆಯಿಂದ ಕಳಿಸಿದ್ದೆ. ಆ ಖಾತೆಯ ಸ್ಟೇಟ್‌ಮೆಂಟ್ ಎದುರಿಗಿರಲಿಲ್ಲ, ಹಾಗಾಗಿ ಜೋಡಿಯೂ ಸಿಕ್ಕಿರಲಿಲ್ಲ.

ನಗದಿನ ವಿಷಯ ಇನ್ನೂ ಕಷ್ಟ. ಆ ಆರು ತಿಂಗಳಲ್ಲಿ ಒಮ್ಮೆ ನಾನು ಎಟಿಎಂನಿಂದ ತೆಗೆದುಕೊಟ್ಟ 10,000 ರೂಪಾಯಿಯನ್ನು ಅವಳು ಮರುದಿನ ತನ್ನ ಖಾತೆಗೆ ಕಟ್ಟಿದ್ದಳು. ಅದಕ್ಕೆ ಹೊಂದುವ ಸಂಖ್ಯೆ ಇರುವುದಿಲ್ಲ. ತಾರೀಖು ನೋಡಿ, ಇಬ್ಬರೂ ನೆನಪು ಮಾಡಿಕೊಂಡು ತೆಗೆದೆವು.

"ಹಾಗಾದರೆ ನಿಮ್ಮ ಸಂಬಳದಿಂದಲೂ ಹದಿನೈದು ಸಾವಿರ ಕಳೀಬೇಕಲ್ವಾ?" ಎಂದು ಕೇಳಿದಳು. ಬೇಡ. ಹೊರಗಿನಿಂದ ನಮ್ಮಿಬ್ಬರ ಬಳಿಗೆ ದುಡ್ಡು ಮೊದಲು ಬಂದ ಕಡೆ ಒಮ್ಮೆ ಲೆಕ್ಕ ಹಿಡಿದರೆ ಸಾಕು. ಆಮೇಲೆ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದು ಆದಾಯವೂ ಅಲ್ಲ, ನಷ್ಟವೂ ಅಲ್ಲ. ಎರಡೂ ಕಡೆ ಕಳೆದರೆ ನಮ್ಮ ಆದಾಯವನ್ನು ನಾವೇ ಕಡಿಮೆ ತೋರಿಸಿದಂತಾಗುತ್ತದೆ.

ನಾನು ಕಳಿಸಿದ ಆರು ಹದಿನೈದು ಸಾವಿರ, ನಗದಿನ ಹತ್ತು ಸಾವಿರ, ಒಟ್ಟು ಒಂದು ಲಕ್ಷ ತೆಗೆದ ಮೇಲೆ ಅವಳದು 2,16,000 ಉಳಿಯಿತು, ತಿಂಗಳಿಗೆ 36,000. ಅದೂ ಪೂರ್ತಿ ಆದಾಯವಲ್ಲ. ಲೈನಿಂಗ್ ಬಟ್ಟೆ, ದಾರ, ಕೈಕೆಲಸ ಮಾಡುವ ಹುಡುಗಿಯ ಕೂಲಿ, ಎಲ್ಲ ಕಳೆಯಬೇಕು. ಆ ಖರ್ಚನ್ನು ಅವಳೇ ತನ್ನ ಪುಸ್ತಕ ನೋಡಿ ಬರೆದಳು. ತೆಗೆದ ಏಳು ಜಮಾಗಳನ್ನು ತಾರೀಖು, ಮೊತ್ತ, ಕಾರಣದ ಸಮೇತ ಬೇರೆ ಹಾಳೆಯಲ್ಲಿ ಇಳಿಸಿ, ಸೋಮವಾರ ಸ್ಟೇಟ್‌ಮೆಂಟಿನ ಜೊತೆಗೆ ಬ್ಯಾಂಕಿಗೆ ಕೊಟ್ಟೆವು.