ಲೆಕ್ಕದಲ್ಲಿ 1.4, ಡಯಲ್ ಗೇಜ್‌ನಲ್ಲಿ 5: ಒಂದು ಟ್ರಸ್ಸು, ಯೂನಿಟ್ ಲೋಡ್ ಮೆಥಡ್ಡು

ನಾನು ಸ್ಟ್ರಕ್ಚರಲ್ ಡಿಸೈನ್ ಕೆಲಸಕ್ಕೆ ಸೇರಿ ಎರಡನೇ ವರ್ಷ ಅದು. ತುಮಕೂರು ಕಡೆ ಒಂದು ವರ್ಕ್‌ಶಾಪ್ ಶೆಡ್ಡು, 8 ಮೀಟರ್ ಅಗಲ, ಕಿಂಗ್ ಪೋಸ್ಟ್ ಟ್ರಸ್ಸು. ಕಾಲೇಜಲ್ಲಿ ಮೊದಲ ದಿನ ಬೋರ್ಡ್ ಮೇಲೆ ಬರೀತಾರಲ್ಲ ಅಷ್ಟೇ ಸರಳ, ಬರೀ ಐದು ಮೆಂಬರ್. ಎಡಗಡೆ ಸಪೋರ್ಟ್ ಎ, ಬಲಗಡೆ ಬಿ, ಮೇಲೆ ತುದಿ ಸಿ, ಕೆಳಗೆ ಮಧ್ಯದ ಜಾಯಿಂಟ್ ಡಿ. ಎತ್ತರ 3 ಮೀಟರ್, ಹಾಗಾಗಿ ರಾಫ್ಟರ್ ಒಂದೊಂದೂ ಸರಿಯಾಗಿ 5 ಮೀಟರ್, ಕೆಳಗಿನ ಟೈ ಎರಡೂ 4 ಮೀಟರ್, ನಡುವಿನ ಪೋಸ್ಟ್ 3 ಮೀಟರ್. ಡಿ ಜಾಯಿಂಟ್‌ಗೆ ಹಾಯ್ಸ್ಟ್ ಓಡೋ ಮೋನೋರೇಲ್ ನೇತು ಹಾಕ್ಬೇಕು, ಅದರಿಂದ ಬರೋ ಲೋಡ್ 30 ಕಿಲೋನ್ಯೂಟನ್, ಅಂದ್ರೆ ಹತ್ರ ಹತ್ರ 3 ಟನ್. ಡಿ ಎಷ್ಟು ಕೆಳಗೆ ಇಳಿಯುತ್ತೆ ಅಂತ ಕ್ಲೈಂಟ್ ಕೇಳಿದ್ರು, ಯಾಕಂದ್ರೆ ಎಲ್ಲಾ ಟ್ರಸ್‌ನಲ್ಲೂ ಮೋನೋರೇಲ್ ಒಂದೇ ಲೆವೆಲ್ಲಲ್ಲಿ ಇರ್ಬೇಕು. ಶೀಟ್, ಪರ್ಲಿನ್ ತೂಕದ ಲೆಕ್ಕ ಬೇರೆ ಇತ್ತು, ಅದನ್ನ ಇಲ್ಲಿ ಬಿಡ್ತೀನಿ.

ಫೋರ್ಸ್ ಹುಡುಕೋದು ಎರಡು ನಿಮಿಷದ ಕೆಲಸ. ಒಂದೊಂದು ಸಪೋರ್ಟ್‌ಗೆ 15, ರಾಫ್ಟರ್‌ನಲ್ಲಿ 25 ಕಂಪ್ರೆಶನ್, ಟೈನಲ್ಲಿ 20 ಟೆನ್ಶನ್, ಪೋಸ್ಟ್‌ನಲ್ಲಿ ಪೂರ್ತಿ 30 ಟೆನ್ಶನ್. ರಾಫ್ಟರ್‌ಗೆ 90x90x6 ಆ್ಯಂಗಲ್ ಜೋಡಿ, ಏರಿಯಾ ಸುಮಾರು 2100 ಚದರ ಮಿ.ಮೀ. ಟೈಗೂ ಪೋಸ್ಟ್‌ಗೂ 50x50x6 ಜೋಡಿ, ಸುಮಾರು 1140.

ಆಗ ನನಗೆ ಕೈಗೆ ಹತ್ತಿದ್ದ ದಾರಿ ಸ್ಟ್ರೇನ್ ಎನರ್ಜಿ. ಲೋಡ್ ಇಳಿಯುವಾಗ ಮಾಡೋ ಕೆಲಸವೆಲ್ಲ ಮೆಂಬರ್‌ಗಳು ಎಳೆದುಕೊಂಡು, ಕುಗ್ಗಿಕೊಂಡು ಒಳಗೆ ಇಟ್ಕೊಳ್ತವೆ, ಲೋಡ್ ತೆಗೆದ್ರೆ ವಾಪಸ್ ಕೊಡ್ತವೆ. ಲೋಡ್ ಸೊನ್ನೆಯಿಂದ ನಿಧಾನಕ್ಕೆ ಏರೋದ್ರಿಂದ ಆ ಕೆಲಸ ಅರ್ಧ ಗುಣಿಸು ಲೋಡ್ ಗುಣಿಸು ಇಳಿತ. P ಲೋಡ್, Δ ಇಳಿತ, N ಮೆಂಬರ್‌ನ ಫೋರ್ಸ್, L ಅದರ ಉದ್ದ, A ಏರಿಯಾ, E ಸ್ಟೀಲ್ ಎಷ್ಟು ಗಡುಸು ಅನ್ನೋ ಅಳತೆ ಅಂತ ಇಟ್ಕೊಂಡು ಎರಡನ್ನೂ ಸಮ ಇಟ್ರೆ ಹೀಗೆ ಬರುತ್ತೆ:

```
(1/2) P Δ = Σ N² L / (2 A E)
```

ಸ್ಟೀಲ್‌ಗೆ E 200 ಅಂತ ಹಿಡಿದು (ಒಂದು ಚದರ ಮಿ.ಮೀ.ಗೆ ಕಿಲೋನ್ಯೂಟನ್‌ನಲ್ಲಿ) ಐದೂ ಮೆಂಬರ್ ಕೂಡಿಸಿದ್ರೆ ಎನರ್ಜಿ ಸುಮಾರು 20.4 ಜೂಲ್, ಇಳಿತ 1.36 ಮಿ.ಮೀ. ಸರಿಯಾದ ಉತ್ತರವೇ ಇದು. ಸಮಸ್ಯೆ ಶುರುವಾಗಿದ್ದು ಒಂದು ವಾರ ಆದ್ಮೇಲೆ, ಕ್ಲೈಂಟ್ ಮೇಲಿನ ತುದಿಗೆ, ಸಿ ಜಾಯಿಂಟ್ ಮೇಲೆ, ವೆಂಟಿಲೇಟರ್ ಬೇಕು ಅಂದಾಗ. ಅಲ್ಲಿ ಇನ್ನೊಂದು 10 ಕಿಲೋನ್ಯೂಟನ್.

ನಾನು ಹೊಸ ಫೋರ್ಸ್ ಹಾಕಿ ಎನರ್ಜಿ ಮತ್ತೆ ಲೆಕ್ಕ ಮಾಡಿ, ಅದೇ ಸೂತ್ರಕ್ಕೆ ಹಾಕಿ, 30ರಿಂದ ಭಾಗಿಸಿ, ಡಿ ಜಾಯಿಂಟ್ 2.11 ಮಿ.ಮೀ. ಇಳಿಯುತ್ತೆ ಅಂತ ಬರೆದು ಕೊಟ್ಟೆ. ಶೀಟ್ ಚೆಕ್ ಮಾಡ್ತಿದ್ದ ನಮ್ಮ ಸೀನಿಯರ್ ಒಂದೇ ಪ್ರಶ್ನೆ ಕೇಳಿದ್ರು, "ನೋಡಮ್ಮ, ಈ ಎನರ್ಜಿ ಒಳಗೆ ವೆಂಟಿಲೇಟರ್ ಮಾಡಿದ ಕೆಲಸಾನೂ ಇದ್ಯಲ್ಲ, ಅದನ್ನೂ ಹಾಯ್ಸ್ಟ್ ತಲೆಗೇ ಯಾಕೆ ಕಟ್ಟಿದೀಯ?"

"ಹಾಗಾದ್ರೆ ಒಟ್ಟು 40ರಿಂದ ಭಾಗಿಸ್ಲಾ ಸರ್?" ಅಂದೆ. "ಭಾಗಿಸು, ಯಾವ ಜಾಯಿಂಟ್‌ದು ಅಂತ ಹೇಳು ನೋಡೋಣ" ಅಂದ್ರು. 1.58 ಬಂತು, ಯಾವ ಜಾಯಿಂಟ್‌ದು ಅಂತ ನನಗೆ ಹೇಳಕ್ಕಾಗ್ಲಿಲ್ಲ, ಯಾಕಂದ್ರೆ ಅದು ಯಾವ ಜಾಯಿಂಟ್‌ದೂ ಅಲ್ಲ. ಎರಡು ಲೋಡ್ ಇದ್ದಾಗ ಎನರ್ಜಿ ಅನ್ನೋದು ಎರಡೂ ಮಾಡಿದ ಕೆಲಸದ ಮೊತ್ತ, ಸಮೀಕರಣ ಒಂದು, ಗೊತ್ತಿಲ್ಲದ ಇಳಿತ ಎರಡು. 1.58 ಬರೀ ಎರಡರ ತೂಕದ ಸರಾಸರಿ. ಅರ್ಧ ಲೋಡ್ ಗುಣಿಸು ಇಳಿತ ಅನ್ನೋ ನೇರ ದಾರಿ ನಡೆಯೋದು ಲೋಡ್ ಒಂದೇ ಇದ್ದು, ಆ ಲೋಡ್ ಇರೋ ಜಾಗದಲ್ಲೇ, ಅದರ ದಿಕ್ಕಲ್ಲೇ ಇಳಿತ ಬೇಕಾದಾಗ ಮಾತ್ರ. ಇದನ್ನ ಪರೀಕ್ಷೆಗೆ ಓದಿದ್ದೆ, ಆದ್ರೆ ಕೈಯಿಂದ ತಪ್ಪು ಮಾಡೋವರೆಗೂ ಒಳಗಿಳಿದಿರ್ಲಿಲ್ಲ.

ಇದಕ್ಕೇ ಯೂನಿಟ್ ಲೋಡ್ ಮೆಥಡ್ ಬೇಕಾಗೋದು. 1864ರಲ್ಲಿ ಮ್ಯಾಕ್ಸ್‌ವೆಲ್, ಅವರದ್ದನ್ನ ನೋಡದೇ 1874ರಲ್ಲಿ ಮೋರ್, ಇಬ್ಬರೂ ಬೇರೆ ಬೇರೆಯಾಗಿ ಇಲ್ಲಿಗೆ ಬಂದ್ರು. ಎಲ್ಲಿ ಇಳಿತ ಬೇಕೋ ಆ ಜಾಯಿಂಟ್‌ಗೆ ಮೊದಲು ಒಂದು ಕಲ್ಪನೆಯ ಲೋಡ್ ಹಾಕಿ, ಬೆಲೆ ಬರೀ 1. ಅದರಿಂದ ಮೆಂಬರ್‌ಗಳಲ್ಲಿ ಬರೋ ಫೋರ್ಸ್‌ಗೆ n ಅನ್ನಿ. ಅದು ಅಲ್ಲೇ ಕೂತಿರುವಾಗ ನಿಜವಾದ ಲೋಡ್ ಬಂತು ಅಂದ್ಕೊಳ್ಳಿ, ಮೆಂಬರ್‌ಗಳು ಉದ್ದ ಗಿಡ್ಡ ಆದ್ವು, ಜಾಯಿಂಟ್ ಇಳೀತು. ಕಲ್ಪನೆಯ ಲೋಡ್ ಹೊರಗೆ ಮಾಡಿದ ಕೆಲಸ 1 ಗುಣಿಸು ಇಳಿತ, ಒಳಗೆ ಆಗಿದ್ದು ಪ್ರತಿ ಮೆಂಬರ್‌ನ n ಗುಣಿಸು ಅದರ ಉದ್ದದ ಬದಲಾವಣೆ. ಯೂನಿಟ್ ಲೋಡ್ ಮೊದಲಿಂದ ಪೂರ್ತಿಯಾಗಿ ಇತ್ತಲ್ಲ, ಸೊನ್ನೆಯಿಂದ ಏರಿದ್ದಲ್ಲ, ಅದಕ್ಕೇ ಇಲ್ಲಿ ಅರ್ಧ ಅನ್ನೋದು ಬರಲ್ಲ.

```
1 × Δ = Σ n × δL ,   δL = N L / (A E)
```

ಡಿ ಮೇಲೆ 1 ಹಾಕಿದ್ರೆ ರಾಫ್ಟರ್‌ಗೆ −0.833, ಟೈಗೆ +0.667, ಪೋಸ್ಟ್‌ಗೆ +1. ಅದೇ 1ನ್ನ ಮೇಲೆ ಸಿಗೆ ಹಾಕಿದ್ರೆ ರಾಫ್ಟರ್, ಟೈ ಎರಡೂ ಹಾಗೇ ಇರ್ತವೆ, ಪೋಸ್ಟ್ ಮಾತ್ರ ಸೊನ್ನೆ ಆಗುತ್ತೆ. ಈ ಸೊನ್ನೆ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಇದೇ ಕೆಲಸಕ್ಕೆ ಬಂತು. ಚಿಹ್ನೆ ವಿಷಯದಲ್ಲಿ ಮಾತ್ರ ಹುಷಾರು, ಟೆನ್ಶನ್ ಪ್ಲಸ್ ಅಂತ ಶುರು ಮಾಡಿದ್ರೆ n ಕಾಲಮ್‌ನಲ್ಲೂ N ಕಾಲಮ್‌ನಲ್ಲೂ ಅದನ್ನೇ ಕೊನೇವರೆಗೂ ಹಿಡೀಬೇಕು, ರಾಫ್ಟರ್‌ನ ಎರಡೂ ಮೈನಸ್ ಸೇರಿ ಪ್ಲಸ್ ಆಗುತ್ತೆ, ಒಂದರಲ್ಲಿ ಮೈನಸ್ ಬಿಟ್ಟೋದ್ರೆ ರಾಫ್ಟರ್ ಕುಗ್ಗಿ ಜಾಯಿಂಟ್ ಮೇಲೆ ಹೋಯ್ತು ಅಂತ ಲೆಕ್ಕ ಹೇಳುತ್ತೆ.

ಎರಡೂ ಲೋಡ್ ಸೇರಿಸಿ ಹೀಗೆ ಮಾಡಿದಾಗ ಡಿ 1.68, ಸಿ 1.29 ಮಿ.ಮೀ. ಬಂತು. ಹಳೇ ಎನರ್ಜಿ ಆಗ ಚೆಕ್ ಮಾಡೋಕೆ ಉಪಯೋಗ ಆಯ್ತು. 30 ಗುಣಿಸು ಡಿ ಇಳಿತ, 10 ಗುಣಿಸು ಸಿ ಇಳಿತ, ಎರಡೂ ಕೂಡಿಸಿದ್ರೆ ಒಟ್ಟು ಎನರ್ಜಿಯ ಎರಡರಷ್ಟು ಬರ್ಬೇಕು, ಸರಿಯಾಗಿ ಬಂತು. ಈಗ್ಲೂ ನಾನು ಕೈಲೆಕ್ಕ ಮಾಡಿದ್ರೆ ಈ ಚೆಕ್ ಬಿಡಲ್ಲ.

ಅಷ್ಟಕ್ಕೆ ಮುಗೀತು ಅಂದ್ಕೊಂಡಿದ್ದೆ. ಮೊದಲ ಟ್ರಸ್ ನಿಲ್ಲಿಸಿದ್ಮೇಲೆ ಸೈಟಲ್ಲಿ ಲೋಡ್ ಹಾಕಿ ನೋಡೋದು ಅಂತ ಆಯ್ತು. ವೆಂಟಿಲೇಟರ್ ಇನ್ನೂ ಬಂದಿರ್ಲಿಲ್ಲ, ಡಿಗೆ ಪ್ಲೇಟ್ ಕಟ್ಟು ನೇತು ಹಾಕಿ 30 ಕಿಲೋನ್ಯೂಟನ್ ಮಾಡಿದ್ವಿ, ಟ್ರಸ್‌ಗೆ ತಾಗದೇ ಇರೋ ಬೇರೆ ಸ್ಟ್ಯಾಂಡ್ ಮೇಲೆ ಡಯಲ್ ಗೇಜ್ ಇಟ್ವಿ. ನಾನು ಶೀಟ್‌ನಲ್ಲಿ ಬರೆದಿದ್ದು 1.36. ಗೇಜ್ ತೋರಿಸಿದ್ದು 5.1. "ಮೇಡಂ, ಇದು ಹೀಗೇ ಇಳೀತಾ ಹೋಗುತ್ತಾ?" ಅಂತ ಫ್ಯಾಬ್ರಿಕೇಶನ್ ಮೇಸ್ತ್ರಿ ಕೇಳ್ದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ, ನಿಜವಾಗ್ಲೂ ಎದೆ ಡವಡವ ಅಂತಿತ್ತು. ಸ್ಟ್ರೆಂತ್ ವಿಷಯಕ್ಕೆ ಏನೂ ಭಯ ಇರ್ಲಿಲ್ಲ, ಪೋಸ್ಟ್‌ನಲ್ಲಿ ಸ್ಟ್ರೆಸ್ ಚದರ ಮಿ.ಮೀ.ಗೆ ಬರೀ 26 ನ್ಯೂಟನ್ ಹತ್ರ. ಆದ್ರೆ ಲೆಕ್ಕಕ್ಕಿಂತ ಮೂರೂಮುಕ್ಕಾಲು ಪಟ್ಟು ಇಳಿದಿದೆ ಅಂದ್ರೆ ಕಾರಣ ಗೊತ್ತಾಗ್ಲೇಬೇಕು.

ಸೀನಿಯರ್‌ಗೆ ಫೋನ್ ಮಾಡಿದೆ. ಅವರು ಸಪೋರ್ಟ್ ಇಳಿದಿದ್ಯಾ ನೋಡು ಅಂದ್ರು, ಎ ಬಿ ಎರಡೂ ಕಡೆ ಗೇಜ್ ಇಟ್ಟು ನೋಡಿದ್ವಿ, ಲೆಕ್ಕಕ್ಕೆ ಬರೋ ಅಷ್ಟು ಏನೂ ಇರ್ಲಿಲ್ಲ. ಆಮೇಲೆ ಲೋಡ್ ತೆಗೆದು ನೋಡು ಅಂದ್ರು. ತೆಗೆದ್ವಿ, ಗೇಜ್ 5.1ರಿಂದ 3.7ಕ್ಕೆ ಬಂದು ನಿಂತ್ಬಿಡ್ತು, ಸೊನ್ನೆಗೆ ಬರ್ಲೇ ಇಲ್ಲ. ಮತ್ತೆ ಅದೇ ಲೋಡ್ ಹಾಕಿದಾಗ 5.1, ತೆಗೆದ್ರೆ 3.7. ಅಂದ್ರೆ ಹೋಗಿ ಬರೋದು 1.4, ನನ್ನ ಲೆಕ್ಕದ್ದೇ. ಒಂದ್ಸಲ ಹೋಗಿ ಅಲ್ಲೇ ಉಳಿದಿದ್ದು 3.7. ಸ್ಟೀಲು ಈ ಸ್ಟ್ರೆಸ್‌ಗೆ ಹಾಗೆ ಉಳ್ಕೊಳಲ್ಲ, ಉಳ್ಕೊಳೋದು ಬೋಲ್ಟ್ ಜಾಗದ ಸ್ಲಿಪ್. ನಮ್ಮದು 16 ಮಿ.ಮೀ. ಬೋಲ್ಟು, ತೂತು 18, ಹೈ ಸ್ಟ್ರೆಂತ್ ಫ್ರಿಕ್ಷನ್ ಗ್ರಿಪ್ ಅಲ್ಲ, ಸಾಮಾನ್ಯ ಬೇರಿಂಗ್ ಬೋಲ್ಟು. ಫೋರ್ಸ್ ಬಂದಾಗ ಆ್ಯಂಗಲ್ ಸ್ವಲ್ಪ ಜಾರಿ ಬೋಲ್ಟ್‌ಗೆ ತಾಗೋವರೆಗೂ ಹೋಗುತ್ತೆ.

ಎಷ್ಟು ಅಂತ ಲೆಕ್ಕ ಹಾಕೋಕೆ ಹೊಸ ಸೂತ್ರ ಏನೂ ಬೇಕಾಗ್ಲಿಲ್ಲ, ಇದೇ ಈ ಮೆಥಡ್‌ನಲ್ಲಿ ನನಗೆ ತುಂಬಾ ಇಷ್ಟ ಆಗೋದು. ಮೇಲಿನ ಸೂತ್ರದ δL ಎಲ್ಲಿಂದ ಬಂತು ಅಂತ n ಕೇಳಲ್ಲ. ಸ್ಟ್ರೆಸ್‌ನಿಂದ ಬಂದ್ರೂ ಸರಿ, ಬಿಸಿಲಿಂದ ಬಂದ್ರೂ ಸರಿ, ತೂತಿನ ಸಡಿಲದಿಂದ ಬಂದ್ರೂ ಸರಿ. ಸ್ಟ್ರೇನ್ ಎನರ್ಜಿಯಿಂದ ಇದು ಆಗಲ್ಲ, ಜಾರೋದ್ರಲ್ಲಿ ಮೆಂಬರ್ ಒಳಗೆ ಎನರ್ಜಿ ಏನೂ ಉಳಿಯಲ್ಲ. ಒಂದೊಂದು ತುದಿಗೆ ಅರ್ಧ ಮಿ.ಮೀ. ಜಾರಿದೆ, ಅಂದ್ರೆ ಮೆಂಬರ್‌ಗೆ 1 ಮಿ.ಮೀ. ಅಂತ ಹಿಡಿದ್ರೆ, ಎರಡು ರಾಫ್ಟರ್‌ನಿಂದ 1.67, ಎರಡು ಟೈನಿಂದ 1.33, ಪೋಸ್ಟ್‌ನಿಂದ 1, ಒಟ್ಟು 4.0 ಮಿ.ಮೀ. ಅರ್ಧ ಅನ್ನೋದು ನನ್ನ ಊಹೆ, ಆದ್ರೆ 3.7 ಬರೋಕೆ ಎಷ್ಟು ಚಿಕ್ಕ ಜಾರು ಸಾಕು ಅಂತ ಅದು ತೋರಿಸ್ತು. ಇನ್ನೊಂದು, ಜಾರೋದು ಯಾವಾಗ್ಲೂ ಫೋರ್ಸ್ ಇರೋ ದಿಕ್ಕಿಗೇ, ಟೆನ್ಶನ್ ಮೆಂಬರ್ ಉದ್ದ ಆಗುತ್ತೆ, ಕಂಪ್ರೆಶನ್ ಮೆಂಬರ್ ಗಿಡ್ಡ ಆಗುತ್ತೆ, ಹಾಗಾಗಿ ಇಲ್ಲಿ ಒಂದನ್ನೊಂದು ವಜಾ ಮಾಡಲ್ಲ, ಎಲ್ಲಾ ಸೇರಿ ಡಿಯನ್ನ ಕೆಳಗೇ ತಳ್ತವೆ. ಮೇಸ್ತ್ರಿಗೆ ಹೇಳೋಕೆ ಉತ್ತರ ಸಿಕ್ತು, ಬೋಲ್ಟ್ ತೂತಿನ ಅಂಚಿಗೆ ಕೂತಾದ್ಮೇಲೆ ಇದು ನಿಲ್ಲುತ್ತೆ.

ಅಂದ ಹಾಗೆ ಇದು ಹೀಗೆ ಸಲೀಸಾಗಿ ಆಗಿದ್ದು ನಮ್ಮ ಟ್ರಸ್ ಡಿಟರ್ಮಿನೇಟ್ ಆಗಿದ್ದಕ್ಕೆ, ಅಂದ್ರೆ ಅದರ ಫೋರ್ಸ್ ಎಲ್ಲಾ ಬರೀ ಸಮತೋಲನದಿಂದಲೇ ಸಿಗುತ್ತೆ. ಒಂದು ಮೆಂಬರ್ ಜಾಸ್ತಿ ಇದ್ದಿದ್ರೆ ಒಂದು ಜಾರಿದಾಗ ಬೇರೆಯವುಗಳ ಫೋರ್ಸೇ ಬದಲಾಗ್ತಿತ್ತು, ಆಗ ಆ ಬದಲಾದ ಫೋರ್ಸ್ ಮೊದಲು ಹುಡುಕ್ಬೇಕು.

ಆಮೇಲೆ ಮೋನೋರೇಲ್ ಹಾಕೋ ಮುಂಚೆ ಪ್ರತಿ ಟ್ರಸ್‌ಗೂ ಎರಡೆರಡು ಸಲ 30 ಕಿಲೋನ್ಯೂಟನ್ ಹಾಕಿ ತೆಗೆದು, ಜಾರೋದೆಲ್ಲ ಜಾರಿಸಿ, ನಂತರ ಹ್ಯಾಂಗರ್ ಹತ್ರ ಪ್ಯಾಕಿಂಗ್ ಪ್ಲೇಟ್ ಇಟ್ಟು ಲೆವೆಲ್ ಮಾಡಿದ್ವಿ. ನಾಲ್ಕನೇ ಟ್ರಸ್ ಮಾತ್ರ ದಾರಿಗೆ ಬರ್ಲಿಲ್ಲ, ಎರಡನೇ ಸಲ ಲೋಡ್ ಹಾಕಿದಾಗ್ಲೂ ಡಿ 2.3 ಇಳೀತು. ಆ ಸೊನ್ನೆ ನೆನಪಾಯ್ತು ನನಗೆ. ಸಿ ಇಳಿತದಲ್ಲಿ ಪೋಸ್ಟ್‌ನ ಪಾಲು ಸೊನ್ನೆ, ಅಂದ್ರೆ ಡಿ ಇಳಿತದಲ್ಲಿ ಸಿ ಇಳಿತ ಕಳೆದ್ರೆ ಉಳಿಯೋದು ಪೋಸ್ಟ್ ಉದ್ದ ಆಗಿದ್ದಷ್ಟೇ. ಸ್ಕ್ಯಾಫೋಲ್ಡಿಂಗ್ ಏರಿಸಿ ಸಿ ಹತ್ರಾನೂ ಒಂದು ಗೇಜ್ ಇಡಿಸಿ, ಲೋಡ್ ತೆಗೆದು ಮತ್ತೆ ಹಾಕಿಸಿದೆ. ಡಿ ಮತ್ತೆ 2.3, ಸಿ 0.97, ಲೆಕ್ಕದ ಪ್ರಕಾರ ಸಿ 0.96 ಬರ್ಬೇಕಿತ್ತು, ಹಾಗಾದ್ರೆ ರಾಫ್ಟರ್, ಟೈ ಎಲ್ಲಾ ಸರಿಯಾಗೇ ಇವೆ. ಪೋಸ್ಟ್ ಮಾತ್ರ 1.33 ಉದ್ದ ಆಗಿತ್ತು, ಆಗ್ಬೇಕಿದ್ದು 0.39. "ಪೋಸ್ಟ್‌ನ ಎರಡೂ ತುದಿ ಬೋಲ್ಟ್ ನೋಡಿ" ಅಂತ ಮೇಸ್ತ್ರಿಗೆ ಹೇಳಿದೆ. ಮೇಲಿನ ಗಸೆಟ್‌ನಲ್ಲಿ ಬೋಲ್ಟ್‌ಗಳು ಕೈಬಿಗಿಯಲ್ಲೇ ಇದ್ವು, ಸ್ಪ್ಯಾನರ್ ಹಾಕೋದೇ ಬಿಟ್ಟೋಗಿತ್ತು, ಲೋಡ್ ತೆಗೆದಾಗೆಲ್ಲ ಪೋಸ್ಟು ವಾಪಸ್ ಸಡಿಲಕ್ಕೆ ಬರ್ತಿತ್ತು. ಲೋಡ್ ಇದ್ದಂಗೇ ಬಿಗಿ ಮಾಡಿಸಿ, ತೆಗೆದು, ಮತ್ತೆ ಹಾಕಿದಾಗ ಡಿ 1.4 ಇಳೀತು.