ಬಿದ್ದು ನಿಲ್ಲುವ ಚಕ್ರ

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ಸ್ ಕೈಕೊಟ್ಟರೆ ವಿಮಾನದ ಚಕ್ರಗಳು ಕೆಳಗಿಳಿಯುವುದಾದರೂ ಹೇಗೆ ಎಂದು ದಾವಣಗೆರೆಯ ನಮ್ಮ ಪಾಲಿಟೆಕ್ನಿಕ್‌ನ ಹುಡುಗನೊಬ್ಬ ನಿನ್ನೆ ಕೇಳಿದ. ಮಡಚಿದ ಚಕ್ರವನ್ನು ಮೇಲೆ ಹಿಡಿದಿಡುವುದು ಎಣ್ಣೆಯ ಒತ್ತಡವೇ ಎಂದು ಅವನು ಭಾವಿಸಿದ್ದ. ಏರ್‌ಬಸ್ ಎ320ರಲ್ಲಿ ಆ ಕೆಲಸ ಉಕ್ಕಿನ ಕೊಕ್ಕೆಯದು. ಚಕ್ರಗಳನ್ನು ಇಳಿಸಿ ಏರಿಸುವ, ‘ಹಸಿರು’ ಎಂದು ಹೆಸರಿಟ್ಟ ಹೈಡ್ರಾಲಿಕ್ ವ್ಯವಸ್ಥೆ ಸೋತಾಗ ಪೈಲಟ್‌ಗಳಿಬ್ಬರ ನಡುವಿನ ಕೈಹಿಡಿಕೆಯನ್ನು ಎಳೆದು, ಬಲಕ್ಕೆ 3 ಸುತ್ತು ತಿರುಗಿಸಿದರೆ, ಗೇರ್‌ನತ್ತ, ಅಂದರೆ ಚಕ್ರ ಹೊತ್ತ ಕಾಲುಗಳತ್ತ, ಹೋಗುವ ಎಣ್ಣೆಯ ದಾರಿ ಮುಚ್ಚಿ, ಬಾಗಿಲುಗಳ ಮತ್ತು ಕಾಲುಗಳ ಕೊಕ್ಕೆಗಳು ಬಿಚ್ಚಿಕೊಂಡು, ಕಾಲುಗಳು ತಮ್ಮ ಭಾರಕ್ಕೇ ಕೆಳಗೆ ಬೀಳುತ್ತವೆ. ಸಿಲಿಂಡರಿನಲ್ಲಿ ಉಳಿದ ಎಣ್ಣೆಗೂ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಅದೇ ಕಾಲನ್ನು ಅರ್ಧದಲ್ಲಿ ತಡೆದೀತು.

ಆದರೆ ಬಿದ್ದರಷ್ಟೇ ಸಾಲದು, ಬೀಗ ಬೀಳಬೇಕು. ನೆಟ್ಟಗೆ ನಿಂತ ಮಂಡಿಯಂತೆ, ಕಾಲಿಗೆ ಆಸರೆಯಾದ ಅಡ್ಡಕಂಬದ ಕೀಲು ನೇರರೇಖೆಯನ್ನು ತುಸು ದಾಟಿ ಕುಳಿತರೆ ಮಾತ್ರ ಕಾಲು ಮಡಚಿಕೊಳ್ಳುವುದಿಲ್ಲ. ಹಿಂಗಾಲುಗಳಿಗೆ ಅಲ್ಲಿ ಸ್ಪ್ರಿಂಗ್‌ಗಳ ನೆರವು. ಮುಂದಕ್ಕೆ ಮಡಚುವ ಮೂಗಿನ ಕಾಲನ್ನಂತೂ ಎದುರುಗಾಳಿಯೇ ಹಿಂದಕ್ಕೆ ತಳ್ಳಿ ಕೂರಿಸುತ್ತದೆ, ನನಗೆ ಬಹಳ ಹಿಡಿಸಿದ ಜಾಣ್ಮೆಯಿದು. ಪೈಲಟ್‌ಗಳ ಮುಂದಿನ ಫಲಕದಲ್ಲಿ ಮೂರೂ ಹಸಿರು ತ್ರಿಕೋನಗಳು ಬೆಳಗಿದರೆ ಬೀಗ ಬಿದ್ದಿದೆ ಎಂದರ್ಥ.

“ಸರ್, ಆಮೇಲೆ ಮತ್ತೆ ಮೇಲೆತ್ತಬಹುದಾ?” ಎಂದ. ಹೈಡ್ರಾಲಿಕ್ಸ್ ಇಲ್ಲದೆ ಆಗದು. ಬಾಗಿಲುಗಳೂ ತೆರೆದೇ ಉಳಿಯುತ್ತವೆ, ಹಳೆಯ ಎ320ಗಳಲ್ಲಿ ಮೂಗಿನ ಚಕ್ರ ತಿರುಗಿಸುವ ಸೌಲಭ್ಯವೂ ಇರುವುದಿಲ್ಲವಾದ್ದರಿಂದ ಇಳಿದ ಅಂಥ ವಿಮಾನವನ್ನು ಸಾಮಾನ್ಯವಾಗಿ ರನ್‌ವೇಯಿಂದ ಎಳೆದೊಯ್ಯಬೇಕಾಗುತ್ತದೆ.