ಗೋಣಿ ಸರಿದ ಕಡೆಗೆ ಡ್ರೋನೂ ಸರಿಯಿತು

ಬೈಕಂಪಾಡಿಯ ಒಂದು ಗೇರುಬೀಜದ ಗೋಡೌನ್. ಮಳೆ ಶುರುವಾಗುವ ಮೊದಲು ಮಾಡಿನ ಶೀಟಿನ ಬೋಲ್ಟ್ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಅಂತ ಒಳಗಿನಿಂದಲೇ ಡ್ರೋನ್ ಹಾರಿಸಿ ಫೋಟೋ ತೆಗೆಯಬೇಕಿತ್ತು. ತಗಡಿನ ಮಾಡಿನ ಕೆಳಗೆ ಜಿಪಿಎಸ್ ಸಿಗುವ ಮಾತೇ ಇಲ್ಲ. ಹಾಗಾಗಿ ಕೆಳಮುಖವಾಗಿ, ನೆಲದ ಗುರುತು ಎತ್ತ ಸರಿಯಿತು ಅಂತ ನೋಡುವ PMW3901 ಫ್ಲೋ ಸೆನ್ಸರ್, ಪಕ್ಕದಲ್ಲಿ ನೆಲಕ್ಕಿರುವ ದೂರ ಅಳೆಯುವ TF-Luna ಲಿಡಾರ್. ಸೆನ್ಸರುಗಳನ್ನೆಲ್ಲ ಸೇರಿಸಿ ಡ್ರೋನ್ ಎಲ್ಲಿದೆ ಅಂತ ಲೆಕ್ಕ ಹಾಕುವ ಇಕೆಎಫ್‌ಗೆ ಇಷ್ಟು:

```
EK3_SRC1_POSXY 0
EK3_SRC1_VELXY 5
EK3_SRC1_POSZ 1
EK3_SRC1_VELZ 0
```

ಆಫೀಸಿನ ಮೊಸಾಯಿಕ್ ನೆಲದ ಮೇಲೆ, ಡ್ರೋನನ್ನು ಇದ್ದಲ್ಲೇ ನಿಲ್ಲಿಸುವ ಮೋಡ್ ಆದ ಲಾಯ್ಟರ್‌ನಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಗೋಡೌನ್ ನೆಲ ಒಮ್ಮೆ ನೋಡಿ ಬರ್ತೇನೆ ಅಂದಿದ್ದೆ. ಅದಕ್ಕೊಂದು ದಿನ ಕೊಡಲು ಮ್ಯಾನೇಜರ್ ಒಪ್ಪಲಿಲ್ಲ. ಅಲ್ಲಿ ಹೋಗಿ ನೋಡಿದರೆ ನುಣ್ಣಗೆ ತಿಕ್ಕಿದ ಸಿಮೆಂಟು, ಅದೂ ಬೆಳಿಗ್ಗೆಯಷ್ಟೇ ಗುಡಿಸಿದ್ದು. ಒಂದೂವರೆ ಮೀಟರ್ ಎತ್ತರದಲ್ಲಿ, ಸೆನ್ಸರ್‌ಗೆ ನೆಲ ಎಷ್ಟು ಚೆನ್ನಾಗಿ ಕಾಣುತ್ತಿದೆ ಅಂತ ಹೇಳುವ `OF.Qual` ಇಪ್ಪತ್ತು ದಾಟಲಿಲ್ಲ, ಡ್ರೋನ್ ಜಾರತೊಡಗಿತು. ಇಳಿಸಿದೆ.

ನೆಲದಲ್ಲಿ ಗುರುತು ಬೇಕು, ಅಷ್ಟೇ ಅಲ್ವಾ ಅಂದುಕೊಂಡೆ. ಮೂಲೆಯಲ್ಲಿ ಖಾಲಿ ಗೋಣಿಚೀಲದ ರಾಶಿಯೇ ಇತ್ತು. ಹತ್ತು ಹನ್ನೆರಡು ತಂದು ಹಾಸಿದೆ. ಗೋಣಿಯ ನೇಯ್ಗೆ, ಮೇಲಿನ ಶಾಯಿಯ ಅಕ್ಷರ, ಹೊಲಿಗೆ, ಎಲ್ಲ ಸೆನ್ಸರ್‌ಗೆ ಚೆನ್ನಾಗಿ ಕಾಣುತ್ತದೆ. ಸುಮ್ನೆ ಹಾಸಿದ್ದು. ಮೇಲೆ ಒಂದು ಕಲ್ಲೂ ಇಡಲಿಲ್ಲ.

ಎಬ್ಬಿಸಿದೆ. ಈಗ Qual ನೂರಾ ಎಂಬತ್ತರ ಹತ್ತಿರ, ಇಕೆಎಫ್ ಹಸಿರು. ಮ್ಯಾಪಿನಲ್ಲಿ ಡ್ರೋನಿನ ಗುರುತು ಕದಲದೆ ನಿಂತಿದೆ. ತಲೆ ಎತ್ತಿ ನೋಡಿದರೆ ಡ್ರೋನ್ ಮೆಲ್ಲಗೆ ಮೂಟೆಗಳ ಅಟ್ಟಿಯ ಕಡೆ ಹೋಗುತ್ತಿದೆ! ಸ್ಟಿಕ್ ನಡುವಲ್ಲೇ ಇತ್ತು. ಮತ್ತೆ ಸ್ಕ್ರೀನ್ ನೋಡಿದೆ, ಅದರಲ್ಲಿ ನಿಂತೇ ಇದೆ. ಗಾಳಿಗೆ ಸ್ವಲ್ಪ ಸರಿದಿರಬೇಕು, ಈಗ ತಾನೇ ವಾಪಸ್ ಬರುತ್ತದೆ ಅಂತ ಕಾದೆ. ಮೂರು ಸೆಕೆಂಡೋ ನಾಲ್ಕು ಸೆಕೆಂಡೋ. ಅಷ್ಟು ಹೊತ್ತು ಕಣ್ಣನ್ನು ಬಿಟ್ಟು ಸ್ಕ್ರೀನನ್ನು ನಂಬಿದೆ, ಅದೇ ನನ್ನ ತಪ್ಪು. "ಅಣ್ಣಾ, ಆಲ್ಟ್‌ಹೋಲ್ಡ್‌ಗೆ ಹಾಕಿ!" ಅಂತ ನಮ್ಮ ಹುಡುಗ ಕೂಗಿದ. ಆ ಮೋಡಿನಲ್ಲಿ ಎತ್ತರ ಮಾತ್ರ ಅದು ಹಿಡಿಯುತ್ತದೆ, ಉಳಿದದ್ದು ನಮ್ಮ ಕೈಗೆ. ಸ್ವಿಚ್ ಹಾಕುವಷ್ಟರಲ್ಲಿ ಪ್ರೊಪೆಲರ್ ಅಟ್ಟಿಗೆ ತಾಗಿತು. ಎರಡು ಬ್ಲೇಡ್ ಹೋಯಿತು, ಒಂದು ಮೂಟೆ ಹರಿದು ಬೀಜ ನೆಲಕ್ಕೆ ಸುರಿಯಿತು.

ಸಂಜೆ ಲಾಗ್ ತೆಗೆದು ಕೂತರೆ ತಪ್ಪೇ ಕಾಣಲಿಲ್ಲ. ಸೆನ್ಸರ್ ಕಂಡ ಚಲನೆ `flowX`, ಡ್ರೋನ್ ವಾಲಿದ ವೇಗ `bodyX`, ಎರಡೂ ಒಂದರ ಮೇಲೊಂದು ಕೂತಿವೆ. ಕೊನೆಗೆ ಹುಡುಗನ ಮೊಬೈಲ್ ವಿಡಿಯೋ ನೋಡಿದಾಗ ಗೊತ್ತಾಯಿತು. ಡ್ರೋನಿನ ಗಾಳಿಗೆ ಗೋಣಿ ಅಟ್ಟಿಯ ಕಡೆ ಜಾರುತ್ತಿತ್ತು, ಡ್ರೋನ್ ಅದರ ಹಿಂದೆಯೇ ಹೋಗುತ್ತಿತ್ತು.

ಸೆನ್ಸರ್ ಅಳೆಯುವುದು ಕೋನದ ವೇಗ ಮಾತ್ರ. ಡ್ರೋನ್ ವಾಲಿದ್ದರಿಂದ ಬಂದ ಭಾಗವನ್ನು ಜೈರೋ ನೋಡಿ ಕಳೆದು, ಉಳಿದದ್ದನ್ನು ಲಿಡಾರ್ ಕೊಟ್ಟ ಎತ್ತರದಿಂದ ಗುಣಿಸಿದರೆ ವೇಗ. ಒಂದೂವರೆ ಮೀಟರ್ ಮೇಲೆ ಸೆಕೆಂಡಿಗೆ 0.2 ರೇಡಿಯನ್ ಅಂದರೆ 0.3 ಮೀಟರ್. ಸರಿದದ್ದು ಡ್ರೋನೋ ನೆಲವೋ ಅಂತ ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಗೋಣಿ ಬಲಕ್ಕೆ ಸರಿದರೆ ತಾನು ಎಡಕ್ಕೆ ಹೋದೆ ಅಂತ ತಿಳಿದು ಬಲಕ್ಕೆ ಬರುತ್ತದೆ. ಬಂದಾಗ ಗಾಳಿಯೂ ಜೊತೆಗೇ ಬಂದು ಗೋಣಿಯನ್ನು ಇನ್ನೂ ದೂಡುತ್ತದೆ. ಇಷ್ಟು ನಿಧಾನದ ಜಾರಾಟವನ್ನು ಆಕ್ಸಿಲರೋಮೀಟರ್ ಕೂಡ ಹಿಡಿಯಲಿಲ್ಲ. Qual ಜಾಸ್ತಿ ಇದ್ದರೆ ಗುರುತು ಚೆನ್ನಾಗಿ ಕಾಣುತ್ತಿದೆ ಅಂತಷ್ಟೇ ಅರ್ಥ. ಕಂಡದ್ದು ಅಲುಗದ ನೆಲವೇ ಅಂತಲ್ಲ.

ಮರುದಿನ ಮಾಸ್ಕಿಂಗ್ ಟೇಪ್ ತಂದು ಅಡ್ಡಾದಿಡ್ಡಿಯಾಗಿ ಅಂಟಿಸಿದೆ. ಒಂದೇ ಅಳತೆಯ ಚೌಕ ಚೌಕ ಆದರೆ ಒಂದನ್ನು ಇನ್ನೊಂದು ಅಂತ ತಿಳಿಯುವ ಭಯ. ಒಂದೂವರೆ ಮೀಟರಿನಲ್ಲಿ ಚೆನ್ನಾಗಿ ನಿಂತಿತು, ನಾಲ್ಕು ಮೀಟರಿಗೆ ಹೋದಾಗ Qual ಮತ್ತೆ ಬಿತ್ತು. ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಸೆನ್ಸರಿನ ನೋಟ 42 ಡಿಗ್ರಿ, ಚಿತ್ರ 35×35 ಪಿಕ್ಸೆಲ್. ನಾಲ್ಕು ಮೀಟರ್ ಮೇಲಿಂದ ಮೂರು ಮೀಟರ್ ಅಗಲ ಕಾಣುತ್ತದೆ, ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು ಒಂಬತ್ತು ಸೆಂಟಿಮೀಟರ್. ಒಂದಿಂಚಿನ ಟೇಪ್ ಅದಕ್ಕೆ ಹೇಗೆ ಕಾಣಬೇಕು?

ದಾರಿ ತೋರಿಸಿದ್ದು ಗೋಡೌನಿನ ಸೂಪರ್‌ವೈಸರ್. "ಖಾಲಿ ಚೀಲ ಯಾಕೆ ಮಾರಾಯ್ರೆ, ತುಂಬಿದ್ದೇ ಇಡುವ" ಅಂದರು. ಕೆಲಸದವರು ಇಪ್ಪತ್ತು ಮೂಟೆ ಎಳೆದು ತಂದು ಅಲ್ಲಲ್ಲಿ ಮಲಗಿಸಿದರು. ಲಿಡಾರ್ ಮೂಟೆಯ ಮೇಲೆ ಬಂದಾಗ ಎತ್ತರ ಕಾಲು ಮೀಟರ್ ಕಮ್ಮಿ ತೋರಿಸುತ್ತಿತ್ತು. ಅದು ನಾಲ್ಕು ಮೀಟರಿನಲ್ಲಿ ನೂರಕ್ಕೆ ಆರರಷ್ಟೇ ತಪ್ಪು. ಎತ್ತರ ಹಿಡಿಯುವ ಕೆಲಸ ಗಾಳಿಯ ಒತ್ತಡ ಅಳೆಯುವ ಬ್ಯಾರೋ ಮೇಲಿದ್ದುದರಿಂದ ಡ್ರೋನ್ ಹಾರಿ ಬೀಳಲೂ ಇಲ್ಲ. ಈ ಸಲ ನಾನು ಸ್ಕ್ರೀನ್ ಹುಡುಗನಿಗೆ ಕೊಟ್ಟು, ಡ್ರೋನ್ ಒಂದು ಕಂಬದ ನೇರಕ್ಕೇ ಇದೆಯಾ ಅಂತ ಕಣ್ಣಲ್ಲೇ ನೋಡುತ್ತಾ ನಿಂತೆ. ಬ್ಯಾಟರಿ ಮುಗಿಯುವವರೆಗೂ ಕಂಬದಿಂದ ಒಂದು ಗೇಣು ಆಚೀಚೆ ಆಗಲಿಲ್ಲ.